ಪ್ರೈವೇಟ್ ಕಂಪನಿಯ ಡೈರೆಕ್ಟರ್ ಹುದ್ದೆಗೆ ರಾಜೀನಾಮೆ: ಪತ್ರ ಕೊಡುವುದರಿಂದ DIR-12 ಸಲ್ಲಿಸುವವರೆಗೆ

ಪ್ರೈವೇಟ್ ಲಿಮಿಟೆಡ್ ಕಂಪನಿಯ ಡೈರೆಕ್ಟರ್ ಒಬ್ಬರು ರಾಜೀನಾಮೆ ಕೊಟ್ಟರೆ ಅದನ್ನು ಯಾರೂ "ಒಪ್ಪಿಕೊಳ್ಳಬೇಕಾಗಿಲ್ಲ". ಇದನ್ನು ಮೊದಲು ತಿಳಿದುಕೊಂಡರೆ ಮುಂದಿನ ಅರ್ಧ ಗೊಂದಲ ತಪ್ಪುತ್ತದೆ. 2013ರ ಕಂಪನಿ ಕಾಯ್ದೆಯ 168ನೇ ಸೆಕ್ಷನ್ ಪ್ರಕಾರ ಡೈರೆಕ್ಟರ್ ಬರವಣಿಗೆಯಲ್ಲಿ ನೋಟಿಸ್ ಕೊಡುತ್ತಾರೆ. ಬೋರ್ಡ್ ಅದನ್ನು ಗಮನಕ್ಕೆ ತೆಗೆದುಕೊಳ್ಳುತ್ತದೆ, ಅಷ್ಟೇ. ಪತ್ರ ಕಂಪನಿಗೆ ತಲುಪಿದ ದಿನ ಮತ್ತು ಪತ್ರದಲ್ಲಿ ನೀವೇ ಬರೆದ ದಿನ, ಈ ಎರಡರಲ್ಲಿ ಯಾವುದು ತಡವೋ ಅಂದಿನಿಂದ ರಾಜೀನಾಮೆ ಜಾರಿಗೆ ಬರುತ್ತದೆ. ಉಳಿದ ಡೈರೆಕ್ಟರ್‌ಗಳು ಕೋಪ ಮಾಡಿಕೊಂಡರೂ, ಸಭೆಯನ್ನೇ ಕರೆಯದಿದ್ದರೂ ಆ ದಿನ ಬದಲಾಗುವುದಿಲ್ಲ.

ಆದರೆ ಕಾನೂನಿನಲ್ಲಿ ನೀವು ಹೊರಬಂದಿರುವುದು ಒಂದು ಮಾತು, ಅದು ಸರ್ಕಾರದ ದಾಖಲೆಯಲ್ಲಿ ಕಾಣುವುದು ಇನ್ನೊಂದು ಮಾತು. ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ ಪೋರ್ಟಲ್‌ನಲ್ಲಿ ಕಂಪನಿಯ ಹೆಸರು ಹುಡುಕಿದಾಗ ಡೈರೆಕ್ಟರ್‌ಗಳ ಪಟ್ಟಿ ಬರುತ್ತದಲ್ಲ, ಬ್ಯಾಂಕಿನವರು, ಜಿಎಸ್‌ಟಿ ಅಧಿಕಾರಿ, ಚೆಕ್ ಬೌನ್ಸ್ ಕೇಸು ಹಾಕುವ ವಕೀಲರು ಎಲ್ಲರೂ ನೋಡುವುದು ಅದನ್ನೇ. ಆ ಪಟ್ಟಿಯಿಂದ ನಿಮ್ಮ ಹೆಸರು ಹೋಗುವುದು ಕಂಪನಿ DIR-12 ಎಂಬ ಫಾರ್ಮ್ ಸಲ್ಲಿಸಿದಾಗ ಮಾತ್ರ. ಪತ್ರ ತಲುಪಿದ್ದಕ್ಕೆ ಗಟ್ಟಿ ಪುರಾವೆ, ಆಮೇಲೆ DIR-12. ಈ ಕೆಲಸದಲ್ಲಿ ಮುಖ್ಯವಾದವು ಇವೆರಡು.

ಪತ್ರ ಬರೆಯುವ ಮೊದಲು ನೋಡಬೇಕಾದ್ದು

ಮೊದಲು ಬೋರ್ಡಿನಲ್ಲಿ ಎಷ್ಟು ಜನ ಇದ್ದಾರೆ ನೋಡಿ. ಪ್ರೈವೇಟ್ ಕಂಪನಿಗೆ ಕಡಿಮೆ ಎಂದರೂ 2 ಡೈರೆಕ್ಟರ್ ಇರಬೇಕು. ಒಬ್ಬರೇ ನಡೆಸುವ ಓಪಿಸಿಗೆ ಮಾತ್ರ 1 ಸಾಕು. ನಮ್ಮಲ್ಲಿ ಹೆಚ್ಚಿನ ಸಣ್ಣ ಕಂಪನಿಗಳಲ್ಲಿ ಗಂಡ ಹೆಂಡತಿಯೋ ಅಣ್ಣ ತಮ್ಮನೋ ಇಬ್ಬರು ಗೆಳೆಯರೋ, ಸರಿಯಾಗಿ ಎರಡೇ ಜನ ಇರುತ್ತಾರೆ. ಅವರಲ್ಲಿ ಒಬ್ಬರು ಹೊರಬಿದ್ದರೆ ಉಳಿದವರ ಕೈ ಕಟ್ಟಿಹೋಗುತ್ತದೆ. ಬೋರ್ಡ್ ಸಭೆಯ ಕೋರಂ ಕನಿಷ್ಠ 2. ಅದಕ್ಕಿಂತ ಕಡಿಮೆಯಾದರೆ ಉಳಿದ ಡೈರೆಕ್ಟರ್ ಮಾಡಬಹುದಾದ ಕೆಲಸ ಎರಡೇ ಎಂದು 174ನೇ ಸೆಕ್ಷನ್ ಹೇಳುತ್ತದೆ. ಕೋರಂ ತುಂಬುವಷ್ಟು ಡೈರೆಕ್ಟರ್‌ಗಳನ್ನು ಸೇರಿಸಿಕೊಳ್ಳಬಹುದು, ಇಲ್ಲವೇ ಷೇರುದಾರರ ಸಭೆ ಕರೆಯಬಹುದು. ಸಾಲ ತೆಗೆಯುವುದು, ಲೆಕ್ಕಪತ್ರಕ್ಕೆ ಒಪ್ಪಿಗೆ ಕೊಡುವುದು ಇದ್ಯಾವುದೂ ಆಗುವುದಿಲ್ಲ. ಹಾಗಾಗಿ ಇಬ್ಬರೇ ಇರುವ ಕಂಪನಿಯಲ್ಲಿ ಹೊಸಬರನ್ನು ತಂದ ಮೇಲೆ ಹಳಬರು ಹೊರಡಬೇಕು. ಎಲ್ಲ ಡೈರೆಕ್ಟರ್‌ಗಳೂ ಒಟ್ಟಿಗೆ ರಾಜೀನಾಮೆ ಕೊಟ್ಟರೆ ಪ್ರಮೋಟರ್, ಪ್ರಮೋಟರ್ ಇಲ್ಲದಿದ್ದರೆ ಕೇಂದ್ರ ಸರ್ಕಾರ, ಹೊಸ ಡೈರೆಕ್ಟರ್‌ಗಳನ್ನು ನೇಮಿಸಬೇಕಾಗುತ್ತದೆ. ಅಲ್ಲಿಯವರೆಗೆ ಹೋಗದಿರುವುದು ಎಲ್ಲರಿಗೂ ಒಳ್ಳೆಯದು.

ಇನ್ನೊಂದು ವಿಷಯವನ್ನು ಜನ ಮರೆಯುವುದು ಜಾಸ್ತಿ. ಡೈರೆಕ್ಟರ್‌ಗಳಲ್ಲಿ ಒಬ್ಬರಾದರೂ ಆ ಹಣಕಾಸು ವರ್ಷದಲ್ಲಿ ಕನಿಷ್ಠ 182 ದಿನ ಭಾರತದಲ್ಲಿ ಇದ್ದವರಾಗಿರಬೇಕು. ಬೆಂಗಳೂರಿನಲ್ಲಿರುವ ತಮ್ಮ, ಅಮೆರಿಕದಲ್ಲಿರುವ ಅಕ್ಕ ಮತ್ತು ಭಾವ, ಈ ಮೂವರ ಕಂಪನಿ ಎಂದುಕೊಳ್ಳಿ. ತಮ್ಮ ಹೊರಬಂದರೆ ಸಂಖ್ಯೆಗೆ ಕೊರತೆ ಇಲ್ಲ. ಆದರೂ ಕಂಪನಿ ನಿಯಮ ಮುರಿದಂತೆ ಆಗುತ್ತದೆ.

ಡಿಐಎನ್, ಅಂದರೆ ನಿಮ್ಮ ಡೈರೆಕ್ಟರ್ ಗುರುತಿನ ಸಂಖ್ಯೆ, ಚಾಲ್ತಿಯಲ್ಲಿದೆಯೇ ಎಂದೂ ಪೋರ್ಟಲ್‌ನಲ್ಲಿ ನೋಡಿ. ಕೆವೈಸಿ ಮಾಡದೆ ಅದು ನಿಂತುಹೋಗಿದ್ದರೆ ರಾಜೀನಾಮೆಗೆ ಮುಂಚೆಯೇ ಸರಿಪಡಿಸಿಕೊಳ್ಳಿ. ನಿಮ್ಮ ಡಿಜಿಟಲ್ ಸಹಿ ಇರುವ ಡಿಎಸ್‌ಸಿ ಟೋಕನ್ ಆಡಿಟರ್ ಆಫೀಸಿನ ಡ್ರಾಯರ್‌ನಲ್ಲಿ ಇದ್ದರೆ ಈಗಲೇ ವಾಪಸ್ ತೆಗೆದುಕೊಳ್ಳಿ. ಅದು ನಿಮ್ಮ ಸಹಿ. ನೀವು ಹೊರಬಂದ ಮೇಲೆ ಬೇರೆಯವರ ಕೈಯಲ್ಲಿ ಅದು ಇರಲೇಬಾರದು.

ಪತ್ರದಲ್ಲಿ ಏನಿರಬೇಕು

ಪತ್ರ ಒಂದು ಪುಟ ಮೀರಬೇಕಾಗಿಲ್ಲ. ಅದನ್ನು ಬೋರ್ಡಿಗೆ ಬರೆಯಿರಿ, ಕಂಪನಿಯ ನೋಂದಾಯಿತ ಕಚೇರಿಯ ವಿಳಾಸ ಹಾಕಿ. ಮ್ಯಾನೇಜಿಂಗ್ ಡೈರೆಕ್ಟರ್ ಹೆಸರಿಗೆ ವಾಟ್ಸಾಪ್‌ನಲ್ಲಿ "ಇನ್ನು ನನ್ನಿಂದ ಆಗಲ್ಲ, ಬಿಡ್ತೀನಿ" ಎಂದು ಕಳಿಸಿ, ಅದನ್ನೇ ರಾಜೀನಾಮೆ ಎಂದು ನಂಬಿ ಕೂರಬೇಡಿ. ಪತ್ರವನ್ನು ಫಾರ್ಮ್‌ಗೆ ಲಗತ್ತಿಸಬೇಕಾಗಿರುವುದರಿಂದ ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲೇ ಬರೆಯುತ್ತಾರೆ. ಅದರಲ್ಲಿ ಇರಬೇಕಾದದ್ದು ಇಷ್ಟು:

> ಗೆ,
> ಬೋರ್ಡ್ ಆಫ್ ಡೈರೆಕ್ಟರ್ಸ್,
> (ಕಂಪನಿಯ ಪೂರ್ತಿ ಹೆಸರು, ಸಿಐಎನ್ ಎಂಬ ಕಂಪನಿ ನೋಂದಣಿ ಸಂಖ್ಯೆ, ನೋಂದಾಯಿತ ಕಚೇರಿಯ ವಿಳಾಸ)
>
> ದಿನಾಂಕ: 3 ಜೂನ್
>
> ವಿಷಯ: ಡೈರೆಕ್ಟರ್ ಹುದ್ದೆಗೆ ರಾಜೀನಾಮೆ
>
> ಮಾನ್ಯರೇ,
>
> ನಾನು (ಹೆಸರು, ಡಿಐಎನ್) ಕಂಪನಿ ಕಾಯ್ದೆ 2013ರ 168ನೇ ಸೆಕ್ಷನ್ ಅಡಿಯಲ್ಲಿ ಕಂಪನಿಯ ಡೈರೆಕ್ಟರ್ ಹುದ್ದೆಗೆ ರಾಜೀನಾಮೆ ನೀಡುತ್ತಿದ್ದೇನೆ. ಇದು 20 ಜೂನ್‌ರಂದು ಕೆಲಸದ ವೇಳೆ ಮುಗಿದ ನಂತರ ಜಾರಿಗೆ ಬರುತ್ತದೆ. ಕಾರಣ: ನಾನು ವಾಸಕ್ಕೆ ಬೇರೆ ದೇಶಕ್ಕೆ ಹೋಗುತ್ತಿರುವುದರಿಂದ ಕಂಪನಿಯ ಕೆಲಸಕ್ಕೆ ಸಮಯ ಕೊಡಲು ಆಗುವುದಿಲ್ಲ.
>
> ಈ ಪತ್ರವನ್ನು ಮುಂದಿನ ಬೋರ್ಡ್ ಸಭೆಯ ಮುಂದಿಟ್ಟು, ನಿಗದಿತ ಅವಧಿಯಲ್ಲಿ DIR-12 ಸಲ್ಲಿಸಿ, ಅದರ ಪ್ರತಿ ಮತ್ತು ಚಲನ್ ಅನ್ನು ನನಗೆ ಕೊಡಬೇಕೆಂದು ಕೋರುತ್ತೇನೆ. ಬ್ಯಾಂಕ್ ಖಾತೆ, ಜಿಎಸ್‌ಟಿ ಮತ್ತು ಇತರ ನೋಂದಣಿಗಳಲ್ಲಿ ಸಹಿ ಮಾಡುವವರ ಪಟ್ಟಿಯಿಂದಲೂ ನನ್ನ ಹೆಸರು ತೆಗೆಸಬೇಕು.
>
> ನನ್ನ ಬಳಿ ಇದ್ದ ಚೆಕ್ ಪುಸ್ತಕ ಮತ್ತು ಕಡತಗಳನ್ನು ಲಗತ್ತಿಸಿದ ಪಟ್ಟಿಯಂತೆ ಒಪ್ಪಿಸಿದ್ದೇನೆ. ಈ ಪತ್ರ ತಲುಪಿದ್ದಕ್ಕೆ ಸಹಿ, ಸೀಲು ಮತ್ತು ದಿನಾಂಕದೊಂದಿಗೆ ಸ್ವೀಕೃತಿ ಕೊಡಿ.
>
> (ಸಹಿ)

ಕಾರಣದ ಸಾಲು ಚಿಕ್ಕದಾಗಿದ್ದರೂ ನಿಜವಾಗಿರಲಿ. ಭಿನ್ನಾಭಿಪ್ರಾಯದಿಂದಲೇ ಹೊರಬರುತ್ತಿದ್ದರೆ, ಲೆಕ್ಕದಲ್ಲಿ ಏನೋ ಸರಿ ಇಲ್ಲ ಎಂದು ಅನ್ನಿಸಿಯೇ ಬಿಡುತ್ತಿದ್ದರೆ, ಅದನ್ನು "ವೈಯಕ್ತಿಕ ಕಾರಣ" ಎಂದು ಮುಚ್ಚಬೇಡಿ. ನಾಳೆ ತನಿಖೆ ಬಂದಾಗ "ಗೊತ್ತಿದ್ದೂ ಯಾಕೆ ಹೇಳಲಿಲ್ಲ" ಎಂಬ ಪ್ರಶ್ನೆ ನಿಮ್ಮ ಕಡೆಗೇ ತಿರುಗುತ್ತದೆ. ಯಾವ ವಿಷಯ, ಯಾವ ದಿನ ಆಕ್ಷೇಪಿಸಿದಿರಿ ಎಂದು ಎರಡು ಸಾಲಿನಲ್ಲಿ ತಣ್ಣಗೆ ಬರೆದರೆ ಸಾಕು. ಬೈಗುಳ ಬೇಡ.

"ನನಗೆ ಕಂಪನಿಯಿಂದ ಯಾವ ಬಾಕಿಯೂ ಇಲ್ಲ" ಎಂಬ ಸಾಲು ಎಷ್ಟೋ ಸಿದ್ಧ ನಮೂನೆಗಳಲ್ಲಿ ಇರುತ್ತದೆ. ಸುಮ್ನೆ ನಕಲು ಮಾಡಿ ಅದನ್ನೂ ಸೇರಿಸಬೇಡಿ. ನೀವು ಕಂಪನಿಗೆ ಕೊಟ್ಟ ಸಾಲ ಇನ್ನೂ ಬರಬೇಕಿರಬಹುದು, ಸಂಬಳ ಬಾಕಿ ಇರಬಹುದು. ಹಾಗೆಯೇ ಡೈರೆಕ್ಟರ್ ಹುದ್ದೆ ಬಿಟ್ಟರೆ ಷೇರು ಹೋಗುವುದಿಲ್ಲ. ಷೇರು ಕೊಡುವುದಾದರೆ ಅದಕ್ಕೆ ಬೇರೆಯದೇ ವರ್ಗಾವಣೆ ಪತ್ರ ಬೇಕು. ನೀವು ಅದೇ ಕಂಪನಿಯಲ್ಲಿ ಸಂಬಳದ ಕೆಲಸದಲ್ಲೂ ಇದ್ದರೆ ಅದನ್ನೂ ಬಿಡುತ್ತಿದ್ದೀರೋ ಇಲ್ಲವೋ ಎಂದು ಸ್ಪಷ್ಟವಾಗಿ ಬರೆಯಿರಿ.

ಯಾವ ದಿನದಿಂದ ಜಾರಿ?

ಇಲ್ಲಿ ಒಂದು ಸೂಕ್ಷ್ಮ ಇದೆ. ಕಂಪನಿ DIR-12 ಸಲ್ಲಿಸಲು 30 ದಿನ ಸಮಯ ಇದೆ. ರಾಜೀನಾಮೆಯ ನಿಯಮದಲ್ಲಿ ಆ 30 ದಿನದ ಎಣಿಕೆ ಶುರುವಾಗುವುದು ಪತ್ರ ಕಂಪನಿಗೆ ಬಂದ ದಿನದಿಂದ. ಜಾರಿಗೆ ಬರುವ ದಿನದಿಂದ ಅಲ್ಲ. ನೀವು ಜೂನ್ 3ಕ್ಕೆ ಪತ್ರ ಕೊಟ್ಟು "ಆಗಸ್ಟ್ 31ರಿಂದ ಜಾರಿ" ಎಂದು ಬರೆದರೆ ಇಕ್ಕಟ್ಟು ಶುರುವಾಗುತ್ತದೆ. ಜುಲೈ 3ಕ್ಕೆ ಗಡುವು ಮುಗಿಯುತ್ತದೆ, ಆದರೆ ಆ ಹೊತ್ತಿಗೆ ನೀವಿನ್ನೂ ಡೈರೆಕ್ಟರ್ ಆಗಿಯೇ ಇರುತ್ತೀರಿ. ಆದ್ದರಿಂದ ಜಾರಿಯ ದಿನ ಪತ್ರ ತಲುಪಿದ 30 ದಿನದ ಒಳಗೇ ಇರಲಿ, ಫಾರ್ಮ್ ತುಂಬಲು ಒಂದೆರಡು ವಾರ ಉಳಿಯುವಂತೆಯೂ ಇರಲಿ. ತುಂಬಾ ಮುಂದೆ ಬಿಡಬೇಕೆಂದಿದ್ದರೆ ಈಗ ಬಾಯಿಮಾತಿನಲ್ಲಿ ತಿಳಿಸಿ, ಪತ್ರವನ್ನು ಆಮೇಲೆ ಕೊಡಿ.

ಹಿಂದಿನ ದಿನಾಂಕ ಹಾಕಿ ಪತ್ರ ಕೊಡುವ ಆಸೆ ಕೆಲವರಿಗೆ ಬರುತ್ತದೆ. ನೋಟಿಸ್ ಬಂದಿದೆ, ಅದಕ್ಕೂ ಮುಂಚೆಯೇ ಬಿಟ್ಟಿದ್ದೆ ಎಂದು ತೋರಿಸಿದರೆ ಬಚಾವ್ ಆಗಬಹುದು ಎಂಬ ಲೆಕ್ಕ. ದಯವಿಟ್ಟು ಆ ದಾರಿಗೆ ಹೋಗಬೇಡಿ. ಪತ್ರ ತಲುಪುವ ಮುಂಚಿನ ದಿನದಿಂದ ರಾಜೀನಾಮೆ ಜಾರಿಯಾಗಲು ಕಾನೂನಿನಲ್ಲಿ ಅವಕಾಶವೇ ಇಲ್ಲ. ಆ ಸುಳ್ಳು ದಿನಾಂಕ ಫಾರ್ಮ್‌ಗೆ ಸೇರಿದರೆ ಅದು 448ನೇ ಸೆಕ್ಷನ್ ಪ್ರಕಾರ ಸುಳ್ಳು ಹೇಳಿಕೆ. ಅದಕ್ಕೆ ಶಿಕ್ಷೆ ವಂಚನೆಯ 447ನೇ ಸೆಕ್ಷನ್ ಪ್ರಕಾರ. ಆ "ಬಿಟ್ಟ" ದಿನದ ನಂತರ ನೀವು ಸಹಿ ಮಾಡಿದ ಒಂದು ಚೆಕ್ಕೋ ನಿಮ್ಮ ಡಿಎಸ್‌ಸಿಯಲ್ಲಿ ಹೋದ ಒಂದು ಫಾರ್ಮೋ ಸಿಕ್ಕರೆ ಎಲ್ಲವೂ ಬಯಲಾಗುತ್ತದೆ.

ತಲುಪಿಸುವುದು

ಪತ್ರವನ್ನು ಎರಡು ದಾರಿಯಲ್ಲಿ ಕಳಿಸಿ ಎಂಬುದು ನನ್ನ ಖಚಿತ ಸಲಹೆ. ಒಂದು ಇಮೇಲ್. ಎಂಸಿಎ ಪೋರ್ಟಲ್‌ನ ಮಾಸ್ಟರ್ ಡೇಟಾದಲ್ಲಿ ಕಂಪನಿಯ ಹೆಸರಿನ ಕೆಳಗೆ ಕಾಣುವ ಇಮೇಲ್ ವಿಳಾಸಕ್ಕೇ ಕಳಿಸಿ, ಉಳಿದ ಡೈರೆಕ್ಟರ್‌ಗಳಿಗೂ ಪ್ರತಿ ಹಾಕಿ. ಸಹಿ ಮಾಡಿದ ಪತ್ರದ ಪಿಡಿಎಫ್ ಲಗತ್ತಿಸಿ, ನಿಮ್ಮ ಸ್ವಂತ ಇಮೇಲ್‌ನಿಂದ ಕಳಿಸಿ. ಕಂಪನಿ ಕೊಟ್ಟ ಇಮೇಲ್‌ನಿಂದ ಕಳಿಸಿದರೆ ನಾಳೆ ಆ ಖಾತೆ ಮುಚ್ಚಿದಾಗ ಪುರಾವೆಯೂ ಹೋಗುತ್ತದೆ. ಇನ್ನೊಂದು, ಸಹಿ ಮಾಡಿದ ಮೂಲ ಪತ್ರ. ನೋಂದಾಯಿತ ಕಚೇರಿಗೆ ಕೈಯಾರೆ ಕೊಟ್ಟು ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಇಲ್ಲವೇ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ್ದಕ್ಕೆ ಅಂಚೆ ಇಲಾಖೆಯ ಪೋರ್ಟಲ್‌ನಲ್ಲಿ ಬರುವ ವಿವರವನ್ನು ಅದೇ ವಾರ ಮುದ್ರಿಸಿ ಇಟ್ಟುಕೊಳ್ಳಿ. ರಸೀದಿಯ ಶಾಯಿ ಬೇಗ ಅಳಿಸಿಹೋಗುತ್ತದೆ, ಹಾಗಾಗಿ ಅದರ ಫೋಟೋ ಕೂಡ ಇರಲಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. 2011ರಲ್ಲಿ ಸುಪ್ರೀಂ ಕೋರ್ಟ್ ಒಂದು ಚೆಕ್ ಬೌನ್ಸ್ ಪ್ರಕರಣವನ್ನು ರದ್ದು ಮಾಡಿತು. ಆ ಡೈರೆಕ್ಟರ್ 2004ರ ಮಾರ್ಚ್ 2ರಂದು ರಾಜೀನಾಮೆ ಕೊಟ್ಟಿದ್ದರು. ಆಗ ಚಾಲ್ತಿಯಲ್ಲಿದ್ದ ಫಾರ್ಮ್ 32 ಮಾರ್ಚ್ 4ರಂದೇ ರಿಜಿಸ್ಟ್ರಾರ್‌ಗೆ ಹೋಗಿತ್ತು. ಚೆಕ್ ಬರೆದದ್ದು ಏಪ್ರಿಲ್ 30ಕ್ಕೆ. ಚೆಕ್ ಹುಟ್ಟುವ ಮುಂಚೆಯೇ ಅವರು ಹೊರಬಂದಿದ್ದರು ಎಂಬುದಕ್ಕೆ ಯಾರೂ ಅಲ್ಲಗಳೆಯಲಾಗದ ಸರ್ಕಾರಿ ದಾಖಲೆ ಇತ್ತು. ಅದಿಲ್ಲದೆ ಬರೀ ಪತ್ರದ ನಕಲು ಹಿಡಿದು ಹೋಗಿದ್ದರೆ ಕೆಳಗಿನ ಕೋರ್ಟಿನಲ್ಲಿ ಪೂರ್ತಿ ವಿಚಾರಣೆಯನ್ನೇ ಎದುರಿಸಬೇಕಾಗಿ ಬರಬಹುದಿತ್ತು.

ಒಂದು ಉದಾಹರಣೆ, ದಿನಾಂಕಗಳ ಸಮೇತ

ಹುಬ್ಬಳ್ಳಿಯಲ್ಲಿ ಪ್ಯಾಕಿಂಗ್ ಡಬ್ಬ ಮಾಡುವ ಒಂದು ಕಂಪನಿ ಎಂದು ಇಟ್ಟುಕೊಳ್ಳೋಣ. ಅಧಿಕೃತ ಬಂಡವಾಳ 10 ಲಕ್ಷ ರೂಪಾಯಿ. ಅಣ್ಣ ಮತ್ತು ತಂಗಿ ಇಬ್ಬರೇ ಡೈರೆಕ್ಟರ್‌ಗಳು. ತಂಗಿ ಗಂಡನ ಜೊತೆ ಜರ್ಮನಿಗೆ ಹೋಗುತ್ತಿದ್ದಾಳೆ, ಅವಳ ಜಾಗಕ್ಕೆ ಅತ್ತಿಗೆ ಬರುತ್ತಾಳೆ.

ಅತ್ತಿಗೆಗೆ ಡಿಐಎನ್ ಇಲ್ಲ. ಡಿಐಎನ್ ಇಲ್ಲದವರನ್ನು ಡೈರೆಕ್ಟರ್ ಮಾಡುವಂತಿಲ್ಲ. ಹಾಗಾಗಿ ಮೇ ತಿಂಗಳಲ್ಲೇ ಬೋರ್ಡ್ ನಿರ್ಣಯ ಮಾಡಿ, ಅವಳ ಡಿಎಸ್‌ಸಿ ಮಾಡಿಸಿ, DIR-3 ಫಾರ್ಮ್‌ನಲ್ಲಿ ಡಿಐಎನ್ ತೆಗೆಸುತ್ತಾರೆ. ತಂಗಿಯ ಪತ್ರ ಇದಾದ ಮೇಲೆ. ಹೀಗೆ ಮಾಡಿದರೆ ಯಾರೂ ಓಡಾಡಿ ಸುಸ್ತಾಗಬೇಕಿಲ್ಲ.

ಜೂನ್ 3ಕ್ಕೆ ತಂಗಿ ಪತ್ರ ಕೊಡುತ್ತಾಳೆ. ಅದರಲ್ಲಿ ಜಾರಿಯ ದಿನ ಜೂನ್ 20. ಅಂದೇ ಅಣ್ಣ ಜೂನ್ 12ರ ಬೋರ್ಡ್ ಸಭೆಗೆ ನೋಟಿಸ್ ಕಳಿಸುತ್ತಾನೆ. ಬೋರ್ಡ್ ಸಭೆಗೆ ಕನಿಷ್ಠ 7 ದಿನದ ನೋಟಿಸ್ ಬೇಕು, ಇಲ್ಲಿ ಅದಕ್ಕಿಂತ ಹೆಚ್ಚೇ ಇದೆ. ಜೂನ್ 12ರ ಸಭೆಯಲ್ಲಿ ಅಣ್ಣ ತಂಗಿ ಇಬ್ಬರೂ ಕೂರುತ್ತಾರೆ, ಕೋರಂ ತುಂಬುತ್ತದೆ. ಆ ಸಭೆಯಲ್ಲಿ ಎರಡು ಕೆಲಸ. ಅತ್ತಿಗೆ ಕೊಟ್ಟ ಒಪ್ಪಿಗೆ ಪತ್ರ DIR-2 ಮತ್ತು ಅನರ್ಹತೆ ಇಲ್ಲ ಎನ್ನುವ DIR-8 ನೋಡಿ ಅವಳನ್ನು ಹೆಚ್ಚುವರಿ ಡೈರೆಕ್ಟರ್ ಆಗಿ ನೇಮಿಸುತ್ತಾರೆ. ಆಮೇಲೆ ತಂಗಿಯ ರಾಜೀನಾಮೆಯನ್ನು ದಾಖಲಿಸುತ್ತಾರೆ. ಹೆಚ್ಚುವರಿ ಡೈರೆಕ್ಟರ್ ನೇಮಿಸುವ ಅಧಿಕಾರ ಬೋರ್ಡಿಗೆ ಇದೆಯೇ ಎಂದು ಕಂಪನಿಯ ಒಳನಿಯಮಗಳಾದ ಆರ್ಟಿಕಲ್ಸ್‌ನಲ್ಲಿ ಮೊದಲೇ ನೋಡಿರಬೇಕು. ಇಲ್ಲದಿದ್ದರೆ ಷೇರುದಾರರ ಸಭೆಯೇ ಬೇಕು.

ರಾಜೀನಾಮೆಯ ನಿರ್ಣಯದ ಮಾತು ಹೀಗಿದ್ದರೆ ಸಾಕು: "ಡೈರೆಕ್ಟರ್ ಶ್ರೀಮತಿ (ಹೆಸರು, ಡಿಐಎನ್) ಅವರಿಂದ 3 ಜೂನ್‌ರಂದು ಬಂದ ರಾಜೀನಾಮೆ ನೋಟಿಸ್ ಅನ್ನು ಬೋರ್ಡ್ ಗಮನಿಸಿದೆ. ಅವರು 20 ಜೂನ್‌ರ ಕೆಲಸದ ವೇಳೆ ಮುಗಿದ ನಂತರ ಡೈರೆಕ್ಟರ್ ಆಗಿ ಇರುವುದಿಲ್ಲ. DIR-12 ಸಲ್ಲಿಸಲು ಡೈರೆಕ್ಟರ್ ಶ್ರೀ (ಹೆಸರು) ಅವರಿಗೆ ಅಧಿಕಾರ ನೀಡಲಾಗಿದೆ." ಇಲ್ಲಿ "ರಾಜೀನಾಮೆಯನ್ನು ಅಂಗೀಕರಿಸಿ, ಇಂದಿನಿಂದ ಬಿಡುಗಡೆ ಮಾಡಲಾಗಿದೆ" ಎಂದು ಬರೆದರೆ ಜೂನ್ 20ರ ಬದಲು ಜೂನ್ 12 ಎಂಬ ಇನ್ನೊಂದು ದಿನಾಂಕ ಹುಟ್ಟಿಕೊಳ್ಳುತ್ತದೆ. ಪತ್ರ, ನಿರ್ಣಯ, ಫಾರ್ಮ್ ಮೂರರಲ್ಲೂ ಒಂದೇ ದಿನಾಂಕ ಇರಬೇಕು. ಈ ಮೂರನ್ನು ಒಟ್ಟಿಗೆ ಮೇಜಿನ ಮೇಲೆ ಇಟ್ಟುಕೊಂಡು ಹೋಲಿಸಿದರೆ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ.

ಫಾರ್ಮ್ ಸಲ್ಲಿಸುವುದು ಜೂನ್ 21ರ ನಂತರ. ತಂಗಿಯ ರಾಜೀನಾಮೆಗೆ ಗಡುವು ಜುಲೈ 3, ಅತ್ತಿಗೆಯ ನೇಮಕಕ್ಕೆ ಜುಲೈ 12. ಎರಡನ್ನೂ ಒಂದೇ DIR-12ರಲ್ಲಿ ಹಾಕಬಹುದು, ಆದರೆ ಆಗ ಮೊದಲು ಬರುವ ಜುಲೈ 3ನ್ನೇ ಹಿಡಿಯಬೇಕು.

DIR-12 ತುಂಬುವಾಗ

ಈ ಫಾರ್ಮ್ ಈಗ ಎಂಸಿಎ ಪೋರ್ಟಲ್‌ನಲ್ಲೇ ನೇರವಾಗಿ ತುಂಬುವಂಥದ್ದು. ಕರ್ನಾಟಕದ ಕಂಪನಿಗಳ ರಿಜಿಸ್ಟ್ರಾರ್ ಕಚೇರಿ ಬೆಂಗಳೂರಿನ ಕೋರಮಂಗಲದ ಕೇಂದ್ರೀಯ ಸದನದಲ್ಲಿದೆ, ಆದರೆ ಇದಕ್ಕಾಗಿ ಅಲ್ಲಿಗೆ ಹೋಗಬೇಕಿಲ್ಲ. ಸಿಐಎನ್ ಹಾಕಿದರೆ ಕಂಪನಿಯ ವಿವರ ತಾನಾಗಿ ಬರುತ್ತದೆ. ಹೊರಹೋಗುವವರ ಡಿಐಎನ್ ಹಾಕಿ, ಬದಲಾವಣೆಯ ಬಗೆಯಲ್ಲಿ `Cessation` ಆರಿಸಿ, ಜಾರಿಯ ದಿನ ಮತ್ತು ಕಾರಣವಾಗಿ ರಾಜೀನಾಮೆಯನ್ನು ತುಂಬಬೇಕು. ರಾಜೀನಾಮೆ ಪತ್ರ ಮತ್ತು ಬೋರ್ಡ್ ನಿರ್ಣಯದ ಪ್ರಮಾಣಿತ ಪ್ರತಿ ಲಗತ್ತಿಸಬೇಕು. ಕಂಪನಿಯ ಪರವಾಗಿ ಸಹಿ ಹಾಕುವುದು ಉಳಿದಿರುವ ಡೈರೆಕ್ಟರ್, ಅಂದರೆ ನಮ್ಮ ಉದಾಹರಣೆಯಲ್ಲಿ ಅಣ್ಣ. ಹೊರಹೋದ ತಂಗಿಯ ಡಿಎಸ್‌ಸಿಯನ್ನು ಇದಕ್ಕೆ ಬಳಸಬಾರದು. ಸಾಮಾನ್ಯವಾಗಿ ಪ್ರಾಕ್ಟೀಸ್ ಮಾಡುವ ಸಿಎಸ್ ಅಥವಾ ಸಿಎ ಒಬ್ಬರು ಫಾರ್ಮ್ ನೋಡಿ ಪ್ರಮಾಣೀಕರಿಸುತ್ತಾರೆ.

ಶುಲ್ಕ ಕಂಪನಿಯ ಅಧಿಕೃತ ಬಂಡವಾಳದ ಮೇಲೆ ನಿಂತಿದೆ. 1 ಲಕ್ಷಕ್ಕಿಂತ ಕಡಿಮೆ ಇದ್ದರೆ 200 ರೂಪಾಯಿ, 1 ಕೋಟಿ ಮುಟ್ಟಿದರೆ 600. ನಮ್ಮ 10 ಲಕ್ಷದ ಕಂಪನಿಗೆ 400. ತಡವಾದರೆ ಇದರ ಮೇಲೆ ಹೆಚ್ಚುವರಿ ಶುಲ್ಕ ಬೀಳುತ್ತದೆ. ಮೊದಲ 30 ದಿನದ ತಡಕ್ಕೆ ಮೂಲ ಶುಲ್ಕದ 2 ಪಟ್ಟು, 60 ದಿನದವರೆಗೆ 4 ಪಟ್ಟು, 90ರವರೆಗೆ 6 ಪಟ್ಟು, 180ರವರೆಗೆ 10 ಪಟ್ಟು, ಅದರಾಚೆ 12 ಪಟ್ಟು. ಹುಬ್ಬಳ್ಳಿಯ ಕಂಪನಿ 45 ದಿನ ತಡ ಮಾಡಿದರೆ 400ರ ಮೇಲೆ 1,600 ಸೇರಿ 2,000 ರೂಪಾಯಿ. ಇದು ದೊಡ್ಡ ಮೊತ್ತ ಅಲ್ಲ, ಅದಕ್ಕೇ ಜನ ಉದಾಸೀನ ಮಾಡುತ್ತಾರೆ. ಆದರೆ ಹೆಚ್ಚುವರಿ ಶುಲ್ಕ ಕಟ್ಟಿದ ಮಾತ್ರಕ್ಕೆ ದಂಡದ ಭಯ ಹೋಗುವುದಿಲ್ಲ. 172ನೇ ಸೆಕ್ಷನ್‌ನಲ್ಲಿ ಕಂಪನಿಗೂ ತಪ್ಪಿತಸ್ಥ ಅಧಿಕಾರಿಗೂ 50,000 ರೂಪಾಯಿ ದಂಡ, ತಪ್ಪು ಮುಂದುವರಿದರೆ ದಿನಕ್ಕೆ 500 ಇದೆ. ಮಿತಿ ಕಂಪನಿಗೆ 3 ಲಕ್ಷ, ಅಧಿಕಾರಿಗೆ 1 ಲಕ್ಷ. ಸಣ್ಣ ಕಂಪನಿ ಎಂಬ ವರ್ಗಕ್ಕೆ ಬಂದರೆ ದಂಡ ಇದರ ಅರ್ಧ ಮೀರುವುದಿಲ್ಲ.

ಹಣ ಕಟ್ಟಿದ ಮೇಲೆ ಬರುವ ಎಸ್‌ಆರ್‌ಎನ್ ಸಂಖ್ಯೆ ಮತ್ತು ಚಲನ್ ಅನ್ನು ಹೊರಹೋದವರಿಗೆ ಕೊಡಬೇಕು. ಹೊರಹೋದವರು ಅಷ್ಟಕ್ಕೇ ಸಮಾಧಾನ ಪಡದೆ, ಕೆಲವು ದಿನ ಬಿಟ್ಟು ಮಾಸ್ಟರ್ ಡೇಟಾ ತೆರೆದು ತಮ್ಮ ಹೆಸರು ಹೋಗಿದೆಯೇ ನೋಡಬೇಕು. ಅಲ್ಲಿ ಇನ್ನೂ ಹೆಸರು ಇದ್ದರೆ ಫಾರ್ಮ್ ಬಾಕಿ ಇದೆ ಅಥವಾ ವಾಪಸ್ ಬಂದಿದೆ ಎಂದರ್ಥ.

ಕಂಪನಿ ಸುಮ್ಮನೆ ಕೂತರೆ: DIR-11

ಜಗಳವಾಡಿ ಹೊರಬಂದವರ ಕಷ್ಟ ಬೇರೆಯದೇ. ಪತ್ರಕ್ಕೆ ಉತ್ತರ ಇಲ್ಲ, ಸಭೆ ಇಲ್ಲ, DIR-12 ಇಲ್ಲ. ಕೆಲವು ಕಡೆ ಹೊರಹೋಗುವವರನ್ನು ಬೇಕೆಂದೇ ಹಾಗೆ ಕಟ್ಟಿಹಾಕುತ್ತಾರೆ. ಇಂಥವರಿಗಾಗಿಯೇ DIR-11 ಇದೆ. ಇದನ್ನು ಡೈರೆಕ್ಟರ್ ತಾವೇ, ತಮ್ಮ ಡಿಎಸ್‌ಸಿಯಲ್ಲಿ, ರಾಜೀನಾಮೆಯ 30 ದಿನದೊಳಗೆ ನೇರವಾಗಿ ರಿಜಿಸ್ಟ್ರಾರ್‌ಗೆ ಸಲ್ಲಿಸಬಹುದು. ರಾಜೀನಾಮೆ ಪತ್ರ, ಅದನ್ನು ಕಳಿಸಿದ್ದಕ್ಕೆ ಪುರಾವೆ, ಕಂಪನಿ ಸ್ವೀಕೃತಿ ಕೊಟ್ಟಿದ್ದರೆ ಅದು, ಇವನ್ನು ಲಗತ್ತಿಸಬೇಕು. ಕಾರಣವನ್ನು ವಿವರವಾಗಿ ಬರೆಯಲು ಇಲ್ಲಿ ಜಾಗ ಇದೆ. ಮೇಲೆ ಎರಡು ದಾರಿಯಲ್ಲಿ ಪತ್ರ ಕಳಿಸಿ ಎಂದದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಮೊದಲು ಇದು ಕಡ್ಡಾಯವಾಗಿತ್ತು. 2017ರ ತಿದ್ದುಪಡಿಯ ನಂತರ, 2018ರ ಮೇ 7ರಿಂದ, ಐಚ್ಛಿಕವಾಗಿದೆ. ಕಂಪನಿಯವರು ನಂಬಿಕಸ್ಥರಾಗಿದ್ದು DIR-12 ಸರಿಯಾದ ಸಮಯಕ್ಕೆ ಹೋಗಿದ್ದರೆ ಇದು ಬೇಕಿಲ್ಲ. ಸ್ವಲ್ಪ ಅನುಮಾನ ಇದ್ದರೂ ಸಲ್ಲಿಸಿಬಿಡಿ. 30 ದಿನವನ್ನು ಪತ್ರದ ದಿನಾಂಕದಿಂದಲೇ ಎಣಿಸಿದರೆ ಯಾರ ತಕರಾರಿಗೂ ಅವಕಾಶ ಇರುವುದಿಲ್ಲ.

ಇದರ ಮಿತಿಯನ್ನೂ ತಿಳಿದಿರಿ. DIR-11 ಸಲ್ಲಿಸಿದರೆ ಮಾಸ್ಟರ್ ಡೇಟಾದಿಂದ ನಿಮ್ಮ ಹೆಸರು ಹೋಗುವುದಿಲ್ಲ. ಅದಕ್ಕೆ ಕಂಪನಿಯ DIR-12 ಬೇಕೇ ಬೇಕು. DIR-11 ಮಾಡುವುದು ಏನೆಂದರೆ, ಈ ದಿನ ನಾನು ಬಿಟ್ಟೆ ಎಂದು ಸರ್ಕಾರದ ಕಡತದಲ್ಲೇ ನಿಮ್ಮ ಮಾತನ್ನು ಸೇರಿಸುವುದು. ಆಮೇಲೂ ಕಂಪನಿ ಅಲುಗಾಡದಿದ್ದರೆ DIR-11ರ ಚಲನ್ ಜೊತೆಗೆ ಕಂಪನಿಗೆ ಇನ್ನೊಂದು ನೋಟಿಸ್ ಕಳಿಸಿ, ರಿಜಿಸ್ಟ್ರಾರ್‌ಗೆ ಲಿಖಿತ ದೂರು ಕೊಡಿ. ಆ ದೂರಿನಲ್ಲಿ ನಿಮ್ಮ ಕಷ್ಟದ ಕಥೆಗಿಂತ ದಿನಾಂಕಗಳು ಮುಖ್ಯ. ಪತ್ರ ಎಂದು ತಲುಪಿತು, ಗಡುವು ಎಂದು ಮುಗಿಯಿತು, DIR-11ರ ಎಸ್‌ಆರ್‌ಎನ್ ಏನು, ಇಂದಿಗೂ ಮಾಸ್ಟರ್ ಡೇಟಾದಲ್ಲಿ ಹೆಸರು ಇರುವ ಪುಟದ ಮುದ್ರಿತ ಪ್ರತಿ.

ಹೆಸರು ಹಾಗೇ ಉಳಿದರೆ ಆಗುವ ದೊಡ್ಡ ನಷ್ಟ ಮುಂದೆ ಕಾಣುತ್ತದೆ. ಕಂಪನಿ ಸತತ 3 ವರ್ಷ ವಾರ್ಷಿಕ ಲೆಕ್ಕ ಅಥವಾ ರಿಟರ್ನ್ ಸಲ್ಲಿಸದಿದ್ದರೆ ಅದರ ಡೈರೆಕ್ಟರ್‌ಗಳು 164(2)ರ ಪ್ರಕಾರ 5 ವರ್ಷ ಅನರ್ಹರಾಗುತ್ತಾರೆ. 2017ರಲ್ಲಿ ಹೀಗೆ ದೇಶದಾದ್ಯಂತ ಲಕ್ಷಗಟ್ಟಲೆ ಜನರ ಹೆಸರು ಪಟ್ಟಿಗೆ ಬಂದಾಗ, ಎಷ್ಟೋ ಜನ ಕರ್ನಾಟಕ ಹೈಕೋರ್ಟ್ ಸೇರಿದಂತೆ ಹಲವು ಹೈಕೋರ್ಟ್‌ಗಳ ಬಾಗಿಲು ತಟ್ಟಬೇಕಾಯಿತು.

ಕಂಪನಿ ಮಾಡಬೇಕಾದ ಉಳಿದ ಕೆಲಸ

ಡೈರೆಕ್ಟರ್‌ಗಳ ರಿಜಿಸ್ಟರ್‌ನಲ್ಲಿ ಹೊರಹೋದ ದಿನ ಬರೆಯಬೇಕು. ಕಂಪನಿಗೆ ವೆಬ್‌ಸೈಟ್ ಇದ್ದರೆ ಅಲ್ಲೂ ಮಾಹಿತಿ ಹಾಕಬೇಕು. ಜಿಎಸ್‌ಟಿ ನೋಂದಣಿಯಲ್ಲಿ ಡೈರೆಕ್ಟರ್ ಬದಲಾವಣೆಯನ್ನು 15 ದಿನದೊಳಗೆ REG-14 ಮೂಲಕ ತಿಳಿಸಬೇಕು. ಇದು DIR-12ರ 30 ದಿನಕ್ಕಿಂತ ಕಡಿಮೆ ಅವಧಿ, ಅದಕ್ಕೇ ತಪ್ಪಿಹೋಗುತ್ತದೆ. ಪಿಎಫ್ ಇದ್ದರೆ ಅಲ್ಲಿನ ಮಾಲೀಕತ್ವದ ವಿವರವನ್ನೂ ತಿದ್ದಬೇಕು. ಬ್ಯಾಂಕಿಗೆ ಹೊಸ ಬೋರ್ಡ್ ನಿರ್ಣಯ ಕೊಟ್ಟು ಸಹಿದಾರರನ್ನು ಬದಲಿಸಬೇಕು. ಹೊರಹೋಗುವವರು ಇದನ್ನು ಕಂಪನಿಗೇ ಬಿಡದೆ, "ಇಂಥ ದಿನದಿಂದ ನಾನು ಡೈರೆಕ್ಟರ್ ಅಲ್ಲ, ನನ್ನ ಸಹಿಯನ್ನು ಒಪ್ಪಬೇಡಿ" ಎಂದು ಬ್ಯಾಂಕಿಗೆ ಒಂದು ಪತ್ರ ತಾವೇ ಕೊಡುವುದು ಒಳ್ಳೆಯದು. ಮೊದಲೇ ಸಹಿ ಮಾಡಿಟ್ಟ ಖಾಲಿ ಚೆಕ್‌ಗಳಿದ್ದರೆ ಅವನ್ನು ವಾಪಸ್ ಪಡೆದು ರದ್ದು ಮಾಡಿಸಿ.

ಹೊರಬಂದ ಮೇಲೂ ಉಳಿಯುವ ಹೊಣೆ

ರಾಜೀನಾಮೆ ಮುಂದಿನ ದಿನಗಳಿಗೆ ಮಾತ್ರ. ನೀವು ಡೈರೆಕ್ಟರ್ ಆಗಿದ್ದಾಗ ನಡೆದ ತಪ್ಪಿಗೆ ನಂತರವೂ ಹೊಣೆ ಇರುತ್ತದೆ ಎಂದು 168ನೇ ಸೆಕ್ಷನ್ ನೇರವಾಗಿ ಹೇಳುತ್ತದೆ. ಪ್ರೈವೇಟ್ ಕಂಪನಿಯ ಜಿಎಸ್‌ಟಿ ಬಾಕಿಯನ್ನು ಕಂಪನಿಯಿಂದ ವಸೂಲಿ ಮಾಡಲು ಆಗದಿದ್ದರೆ, ಆ ಅವಧಿಯಲ್ಲಿ ಡೈರೆಕ್ಟರ್ ಆಗಿದ್ದವರನ್ನು ಇಲಾಖೆ ಹಿಡಿಯಬಹುದು. ತಮ್ಮ ಕಡೆಯಿಂದ ದೊಡ್ಡ ನಿರ್ಲಕ್ಷ್ಯವೋ ಕರ್ತವ್ಯಲೋಪವೋ ಆಗಿಲ್ಲ ಎಂದು ತೋರಿಸುವ ಭಾರ ಆ ಡೈರೆಕ್ಟರ್ ಮೇಲೇ ಬೀಳುತ್ತದೆ. ಹಾಗಾಗಿ ಹೊರಡುವ ದಿನದವರೆಗಿನ ರಿಟರ್ನ್‌ಗಳು, ಬೋರ್ಡ್ ಸಭೆಯ ನಡಾವಳಿ, ನೀವು ಆಕ್ಷೇಪಿಸಿದ ಇಮೇಲ್‌ಗಳು, ಇವುಗಳ ಪ್ರತಿ ನಿಮ್ಮ ಹತ್ತಿರ ಇರಲಿ. ಬಾಗಿಲು ಮುಚ್ಚಿದ ಮೇಲೆ ಇವನ್ನು ಕೇಳಿದರೆ ಯಾರೂ ಕೊಡುವುದಿಲ್ಲ.

ಬ್ಯಾಂಕ್ ಸಾಲಕ್ಕೆ ನೀವು ವೈಯಕ್ತಿಕ ಜಾಮೀನು ಹಾಕಿದ್ದರೆ ಅದು ರಾಜೀನಾಮೆಯಿಂದ ಹೋಗುವುದಿಲ್ಲ. ಡೈರೆಕ್ಟರ್ ಆಗಿರುವುದು ಒಂದು, ಜಾಮೀನುದಾರ ಆಗಿರುವುದು ಇನ್ನೊಂದು. ಮುಂದೆ ಕೊಡುವ ಸಾಲಕ್ಕೆ ನನ್ನ ಜಾಮೀನು ಇಲ್ಲ ಎಂದು ಬ್ಯಾಂಕಿಗೆ ನೋಟಿಸ್ ಕೊಡಬಹುದು, ಆದರೆ ಜಾಮೀನು ಪತ್ರದಲ್ಲಿ ಏನು ಬರೆದಿದೆ ಎಂಬುದನ್ನು ಮೊದಲು ಓದಬೇಕು. ಈಗಾಗಲೇ ಇರುವ ಬಾಕಿಗೆ ನೀವು ಬಾಧ್ಯರೇ. ಸರಿಯಾದ ದಾರಿ ಎಂದರೆ ಹೊರಡುವ ಮುಂಚೆಯೇ ಬದಲಿ ಜಾಮೀನುದಾರರನ್ನು ಕೊಟ್ಟು, ಬ್ಯಾಂಕಿನಿಂದ ಲಿಖಿತ ಬಿಡುಗಡೆ ಪಡೆಯುವುದು. ಹುಬ್ಬಳ್ಳಿಯ ತಂಗಿ ವಿಮಾನ ಹತ್ತುವ ಮುಂಚೆ ಮಾಡಿಸಿಕೊಳ್ಳಬೇಕಾದ ಕೆಲಸಗಳಲ್ಲಿ ಇದೇ ಎಲ್ಲಕ್ಕಿಂತ ಕಷ್ಟದ್ದು. ಬ್ಯಾಂಕು ಬೇಗ ಒಪ್ಪುವುದಿಲ್ಲ, ಹಾಗಾಗಿ ಪತ್ರ ಕೊಡುವ ಎರಡು ಮೂರು ತಿಂಗಳ ಮುಂಚೆಯೇ ಶುರು ಮಾಡಬೇಕು.

ನೀವು ಬೇರೆ ಕಂಪನಿಗಳಲ್ಲೂ ಡೈರೆಕ್ಟರ್ ಆಗಿದ್ದರೆ ಅಲ್ಲಿ MBP-1 ಎಂಬ ನಮೂನೆಯಲ್ಲಿ ನಿಮ್ಮ ಹಿತಾಸಕ್ತಿ ಘೋಷಿಸಿರುತ್ತೀರಿ. ಈ ಕಂಪನಿ ಬಿಟ್ಟದ್ದರಿಂದ ಅದು ಬದಲಾಯಿತು. ಅಲ್ಲಿನ ಮುಂದಿನ ಬೋರ್ಡ್ ಸಭೆಯಲ್ಲಿ ಹೊಸ ಘೋಷಣೆ ಕೊಡಿ. ಡಿಐಎನ್ ಮಾತ್ರ ನಿಮ್ಮ ಜೊತೆಗೇ ಇರುತ್ತದೆ. ಎಲ್ಲ ಕಂಪನಿಗಳನ್ನು ಬಿಟ್ಟರೂ ಅದರ ಕೆವೈಸಿ ಮಾಡುತ್ತಿರಬೇಕು, ಇಲ್ಲದಿದ್ದರೆ ಅದು ನಿಂತುಹೋಗಿ, ಮತ್ತೆ ಚಾಲೂ ಮಾಡಲು 5,000 ರೂಪಾಯಿ ಕೇಳುತ್ತಾರೆ.

ಕಂಪನಿಯ ಕಡೆ ಇನ್ನೂ ಎರಡು ಕೆಲಸ ಮುಂದಿನ ವಾರ್ಷಿಕ ಸಭೆಯವರೆಗೆ ಉಳಿಯುತ್ತವೆ. ಡೈರೆಕ್ಟರ್‌ಗಳ ವರದಿಯಲ್ಲಿ ಈ ರಾಜೀನಾಮೆಯ ಪ್ರಸ್ತಾಪ ಇರಲೇಬೇಕು. ಹೆಚ್ಚುವರಿ ಡೈರೆಕ್ಟರ್ ಆಗಿ ಬಂದ ಅತ್ತಿಗೆಯ ಅವಧಿ ಆ ಸಭೆಯವರೆಗೆ ಮಾತ್ರ. ಆ ಸಭೆಯಲ್ಲಿ ಷೇರುದಾರರು ಅವಳನ್ನು ಪೂರ್ಣ ಡೈರೆಕ್ಟರ್ ಆಗಿ ಆರಿಸಬೇಕು, ಆ ಬದಲಾವಣೆಗೆ 30 ದಿನದೊಳಗೆ ಇನ್ನೊಂದು DIR-12 ಹೋಗಬೇಕು. ಅದನ್ನು ಮರೆತರೆ ಅತ್ತಿಗೆಯ ಹುದ್ದೆ ಸಭೆಯ ದಿನಕ್ಕೇ ಮುಗಿದು, ಕಂಪನಿಯಲ್ಲಿ ಮತ್ತೆ ಅಣ್ಣ ಒಬ್ಬನೇ ಉಳಿಯುತ್ತಾನೆ.